ಹಸಿರು ಇತ್ತು, ಜಾಗ ಇರಲಿಲ್ಲ

(ಧಾರವಾಡದಲ್ಲಿ ಎಂಜಿನಿಯರುಗಳು ಮತ್ತು ಊರಿನವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಪತ್ರ ಎರಡೇ ಸಾಲಿನದು. "ಸದರಿ ವೃತ್ತದ ಪೂರ್ವ ದಿಕ್ಕಿನ ಹಸಿರು ಅವಧಿಯನ್ನು 40 ಸೆಕೆಂಡಿನಿಂದ 50 ಸೆಕೆಂಡಿಗೆ ಹೆಚ್ಚಿಸುವ ಬಗ್ಗೆ ವಿಡಿಯೋ ಪರಿಶೀಲಿಸಿ ವರದಿ ಸಲ್ಲಿಸುವುದು." ಕೆಳಗೆ ಸಹಿ, ಸಿಕ್ಕಾ. ನನ್ನ ಕಸುಬೇ ಇದು. ವೃತ್ತಗಳ ವಿಡಿಯೋ ನೋಡುವುದು, ಗಾಡಿ ಎಣಿಸುವುದು, ಎಣಿಸಿದ್ದನ್ನು ಬರೆದು ಕೊಡುವುದು. ಮನೆಯಲ್ಲಿ ನನ್ನ ತಾಯಿ ಹೇಳುತ್ತಾರೆ, "ಮಂದಿ ಸಿನಿಮಾ ನೋಡ್ತಾರ, ನಮ್ಮಂವ ಸಿಗ್ನಲ್ ನೋಡ್ತಾನ."

ಆ ವೃತ್ತ ಹುಬ್ಬಳ್ಳಿಯದು. ಹೆಸರು ಹೇಳುವುದಿಲ್ಲ. ಹೇಳಿದರೆ ಇಲ್ಲಿರುವ ಅರ್ಧ ಮಂದಿ ಆ ವೃತ್ತದ ಬಗ್ಗೆಯೇ ಜಗಳಕ್ಕೆ ಕೂಡುತ್ತೀರಿ. ನಾಲ್ಕು ರಸ್ತೆ ಕೂಡುವ, ಸಿಗ್ನಲ್ ಇರುವ, ಚಿಗರಿ ಬಸ್ಸಿನ ದಾರಿಯಿಂದ ಹೊರಗಿರುವ ಒಂದು ವೃತ್ತ ಎಂದುಕೊಳ್ಳಿ. ಚಿಗರಿ ದಾರಿಯಲ್ಲಾದರೆ ಬಸ್ಸಿನ ಓಟವೂ ನಿಲ್ದಾಣವೂ ರಸ್ತೆಯ ನಡುವೆಯೇ ಬೇರೆಯಾಗಿವೆ, ನಾನು ಹೇಳಲಿರುವ ತಂಟೆ ಅಲ್ಲಿ ಈ ರೂಪದಲ್ಲಿ ಬರುವುದಿಲ್ಲ. ಇನ್ನು ಇಲ್ಲಿ ಹೇಳುವ ಅಂಕಿಗಳು ಲೆಕ್ಕ ತಲೆಗೆ ಸುಲಭವಾಗಿ ಹೋಗಲೆಂದು ನಾನು ಹೊಂದಿಸಿಕೊಂಡ ಮಾದರಿ ಅಂಕಿಗಳು. ವರದಿಯಲ್ಲಿರುವವು ಕಚೇರಿಯ ಸ್ವತ್ತು.

ವರದಿಯ ಮೊದಲ ಪುಟದಲ್ಲಿ ನಾನು ಬರೆದ ಉತ್ತರ ಇಷ್ಟು: ಹಸಿರನ್ನು ಹೆಚ್ಚಿಸಬೇಡಿ, ಈಗಿರುವ 40 ಸೆಕೆಂಡಿನಲ್ಲೇ ಅರ್ಧ ಹಾಳಾಗುತ್ತಿದೆ, ಹಾಳಾಗುವ ಕಾರಣ ವೃತ್ತದಲ್ಲಿಲ್ಲ, ವೃತ್ತ ದಾಟಿ 35 ಮೀಟರ್ ಮುಂದೆ ಇದೆ. ಈ ಮಾತಿಗೆ ಹೇಗೆ ಬಂದೆ ಎಂಬುದೇ ಇವತ್ತಿನ ವಿಷಯ.

ಮೊದಲಿಗೆ ಎಲ್ಲರೂ ಮಾಡುವ ಒಂದು ತಪ್ಪು ಹೇಳಿಬಿಡುತ್ತೇನೆ, ಯಾಕೆಂದರೆ ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದ್ದೇನೆ. ಕ್ಯಾಮೆರಾ ಸ್ಟಾಪ್ ಲೈನಿನ ಮೇಲಿರುತ್ತದೆ. ಆ ಗೆರೆ ದಾಟಿದ ಗಾಡಿಗಳನ್ನು ಎಣಿಸಿ, "ಈ ರಸ್ತೆಯಲ್ಲಿ ಗಂಟೆಗೆ ಇಷ್ಟು ಗಾಡಿ ಬರುತ್ತವೆ" ಎಂದು ಬರೆಯುತ್ತೇವೆ. ಬರುತ್ತವೆ ಅನ್ನುವುದು ಸುಳ್ಳು. ನಾವು ಎಣಿಸಿದ್ದು ಹೋದವುಗಳನ್ನು. ಹಸಿರು ಮುಗಿದಾಗಲೂ ಹಿಂದೆ ಸಾಲು ಉಳಿದಿದ್ದರೆ, ನಮ್ಮ ಎಣಿಕೆ ಸಿಗ್ನಲ್ ಎಷ್ಟು ಬಿಟ್ಟಿತು ಅನ್ನುವುದನ್ನು ಮಾತ್ರ ಹೇಳುತ್ತದೆ. ನಳದ ಬಾಯಿಗೆ ಕೊಡ ಹಿಡಿದು ಟಾಕಿಯಲ್ಲಿ ಎಷ್ಟು ನೀರಿದೆ ಎಂದು ಹೇಳಿದಂತೆ. ಎಷ್ಟು ಗಾಡಿ ಬರುತ್ತಿವೆ ಎಂದು ನಿಜವಾಗಿ ತಿಳಿಯಬೇಕಾದರೆ ಸಾಲಿನ ಬಾಲಕ್ಕಿಂತ ಹಿಂದೆ ಹೋಗಿ ಎಣಿಸಬೇಕು. ನಮ್ಮ ಕ್ಯಾಮೆರಾಕ್ಕೆ ಕಾಣುತ್ತಿದ್ದದ್ದು ಗೆರೆಯಿಂದ ಹಿಂದಕ್ಕೆ 40 ಮೀಟರ್ ಅಷ್ಟೆ, ಸಾಲಿನ ಬಾಲ ಯಾವತ್ತೂ ಅದರಾಚೆ.

ಹಾಗಾಗಿ ಗಂಟೆಯ ಒಟ್ಟು ಎಣಿಕೆಯನ್ನು ಬದಿಗಿಟ್ಟು ಬೇರೆ ಪ್ರಶ್ನೆ ಕೇಳಿಕೊಂಡೆ: ಒಂದೇ ಒಂದು ಹಸಿರಿನ ಒಳಗೆ ಏನಾಗುತ್ತದೆ?

ಸಾಲು ತುಂಬಿ ನಿಂತಿದೆ ಎಂದುಕೊಳ್ಳಿ. ಹಸಿರು ಬಿತ್ತು. ಮೊದಲ ಒಂದೆರಡು ಸೆಕೆಂಡು ಕಾರಿನವರು ಗೇರು ಹಾಕುವುದರಲ್ಲಿ ಹೋಗುತ್ತದೆ. ಆಮೇಲೆ ಹರಿವು ಒಂದು ಮಟ್ಟಕ್ಕೆ ಬಂದು, ಸಾಲು ತೀರುವ ತನಕ ಅಥವಾ ಹಸಿರು ಮುಗಿಯುವ ತನಕ ಅದೇ ಮಟ್ಟದಲ್ಲಿರಬೇಕು. ಈ ಮಟ್ಟವನ್ನೇ ಸ್ಯಾಚುರೇಶನ್ ಫ್ಲೋ ಎನ್ನುತ್ತಾರೆ, ನಾನು ತುಂಬು ಹರಿವು ಎನ್ನುತ್ತೇನೆ. 1958ರಲ್ಲಿ ಬ್ರಿಟನ್ನಿನ ವೆಬ್‌ಸ್ಟರ್ ಸಿಗ್ನಲ್ ಲೆಕ್ಕಗಳನ್ನು ಪ್ರಕಟಿಸಿದಾಗ, ರಸ್ತೆಯ ಅಗಲದ ಪ್ರತಿ ಮೀಟರಿಗೆ ಗಂಟೆಗೆ 525 ಕಾರು ಎಂಬ ಅಂದಾಜು ಬಂತು. ಇಂದಿಗೂ ನಮ್ಮ ಅನೇಕ ಲೆಕ್ಕಪತ್ರಗಳಲ್ಲಿ ಆ 525 ಕೂತಿದೆ. ಆದರೆ ಅದು ಒಂದರ ಹಿಂದೆ ಒಂದು ಶಿಸ್ತಾಗಿ ಹೋಗುವ ಕಾರುಗಳ ಊರಿನ ಸಂಖ್ಯೆ. ನಮ್ಮಲ್ಲಿ ಎರಡು ಕಾರಿನ ನಡುವೆ ಮೂರು ಬೈಕು ತೂರುತ್ತವೆ. ವಿಡಿಯೋ ಕೈಯಲ್ಲಿರುವಾಗ ಆ ಸಂಖ್ಯೆಯನ್ನು ಎರವಲು ತರುವ ಗರಜೇ ಇಲ್ಲ, ನಮ್ಮದನ್ನೇ ಅಳೆಯಬಹುದು.

ಅಳೆಯುವ ಬಗೆ ಇದು. 40 ಸೆಕೆಂಡಿನ ಹಸಿರನ್ನು ಐದೈದು ಸೆಕೆಂಡಿನ ಎಂಟು ತುಂಡು ಮಾಡುತ್ತೇವೆ. ಪ್ರತಿ ತುಂಡಿನಲ್ಲಿ ದಾಟಿದ ಬೈಕು, ಆಟೋ, ಕಾರು, ಬಸ್ಸು ಬೇರೆ ಬೇರೆ. ವಿಡಿಯೋವನ್ನು ಅರ್ಧ ವೇಗದಲ್ಲಿ ಓಡಿಸಿ, ಮೊದಲ ಸಲ ಬೈಕು ಮಾತ್ರ, ಎರಡನೆಯ ಸಲ ಉಳಿದವು. ಒಂದೇ ಸಲಕ್ಕೆ ಎಲ್ಲವನ್ನೂ ಎಣಿಸುವ ಹುಕಿಗೆ ಬಿದ್ದವರು ಬೈಕುಗಳನ್ನು ಕಳೆದುಕೊಳ್ಳುತ್ತಾರೆ. ಬಸ್ಸಿನ ಮರೆಯಲ್ಲಿ ಹೋಗುವ ಬೈಕುಗಳಂತೂ ಕ್ಯಾಮೆರಾಕ್ಕೇ ಕಾಣುವುದಿಲ್ಲ, ಬಸ್ಸು ಸರಿದ ಮೇಲೆ ಆಚೆ ಕಡೆಯಿಂದ ಹೊರಬಂದಾಗ ಹಿಡಿಯಬೇಕು. ನನ್ನ ಜೊತೆಗಿರುವ ಹುಡುಗಿ ಅದೇ ವಿಡಿಯೋದ ಹದಿನೈದು ನಿಮಿಷವನ್ನು ನನ್ನ ಎಣಿಕೆ ನೋಡದೆ ಎಣಿಸುತ್ತಾಳೆ. ಇಬ್ಬರದೂ ಹೊಂದದಿದ್ದರೆ ಮತ್ತೆ ಮೊದಲಿಂದ. ಹೆಚ್ಚು ಸಲ ತಪ್ಪು ನನ್ನದೇ ಇರುತ್ತದೆ.

ಎಣಿಸುವ ಗೆರೆ ಯಾವುದು ಅನ್ನುವುದೂ ಒಂದು ಪ್ರಶ್ನೆ. ರಸ್ತೆಯ ಮೇಲೆ ಬಳಿದ ಬಿಳಿ ಗೆರೆ ಪುಸ್ತಕಕ್ಕೆ ಸರಿ. ನಮ್ಮ ಊರಲ್ಲಿ ಕೆಂಪು ಇರುವಾಗಲೇ ಹತ್ತು ಹನ್ನೆರಡು ಬೈಕು ಆ ಗೆರೆ ದಾಟಿ ಝೀಬ್ರಾ ಪಟ್ಟಿಯ ಮೇಲೆ ನಿಂತಿರುತ್ತವೆ. ಬಿಳಿ ಗೆರೆಯಲ್ಲಿ ಎಣಿಸಿದರೆ ಅವು ಹಸಿರಿನ ಲೆಕ್ಕಕ್ಕೇ ಬರುವುದಿಲ್ಲ, ಮೊದಲ ತುಂಡು ಬಡವಾಗಿ ಕಾಣುತ್ತದೆ. ಅದಕ್ಕೆ ಝೀಬ್ರಾ ಪಟ್ಟಿಯ ಆಚೆ ತುದಿಯಲ್ಲಿ, ಪರದೆಯ ಮೇಲೆ ನಾವೇ ಒಂದು ಗೆರೆ ಎಳೆದುಕೊಂಡೆವು.

ಇನ್ನು ಬೈಕನ್ನೂ ಬಸ್ಸನ್ನೂ ಒಟ್ಟು ಕೂಡಿಸುವುದು ಹೇಗೆ? ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತೇವೆ, ಅದಕ್ಕೆ ಪಿಸಿಯು ಎಂದು ಹೆಸರು. ಇಲ್ಲಿ ನಾನು ಮೊದಲ ಕರಡಿನಲ್ಲಿ ಎಡವಿದೆ. ಕೈಗೆ ಸಿಕ್ಕಿದ್ದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಪಟ್ಟಿ, ಅದರಲ್ಲಿ ಆಟೋಗಳು ಹೆಚ್ಚಿರುವ ಕಡೆ ಒಂದು ಆಟೋ ಎರಡು ಕಾರಿಗೆ ಸಮ. ಆದರೆ ಅದು ಸಿಗ್ನಲ್ ಇಲ್ಲದೆ ಓಡುವ ನಗರ ರಸ್ತೆಗಳಿಗಾಗಿ ಮಾಡಿದ ಪಟ್ಟಿ. ಓಡುವ ರಸ್ತೆಯಲ್ಲಿ ನಿಧಾನದ ಆಟೋ ಹಿಂದಿನವರನ್ನೆಲ್ಲ ತಡೆಯುತ್ತದೆ, ಅದಕ್ಕೆ ಭಾರ ಹೆಚ್ಚು. ಸಿಗ್ನಲ್ಲಿನಲ್ಲಿ ಎಲ್ಲರೂ ನಿಂತಿರುತ್ತಾರೆ, ಆಟೋ ಸಣ್ಣ ಸಂದಿಯಲ್ಲಿ ಹಿಡಿಯುತ್ತದೆ, ಬೈಕಂತೂ ಉಳಿದ ಜಾಗದಲ್ಲೇ ನಿಂತುಬಿಡುತ್ತದೆ. 2017ರ ಇಂಡೋ-ಎಚ್‌ಸಿಎಂ ಕೈಪಿಡಿಯಲ್ಲಿ ಸಿಗ್ನಲ್ ವೃತ್ತಗಳಿಗೆ ಬೇರೆ ಪಟ್ಟಿಯೇ ಇದೆ: ಬೈಕಿಗೆ 0.4, ಆಟೋಗೆ 0.5, ಬಸ್ಸಿಗೆ 1.6. ಹಳೆಯ ಪಟ್ಟಿ ಹಿಡಿದರೆ ಆಟೋ ಹೆಚ್ಚು ಬಂದ ತುಂಡುಗಳು ಸುಮ್ಮನೆ ಉಬ್ಬುತ್ತವೆ, ಹರಿವು ಬಿದ್ದದ್ದೋ ಆಟೋ ಕಡಿಮೆ ಬಂದದ್ದೋ ತಿಳಿಯುವುದಿಲ್ಲ. ಕರಡು ಹರಿದು ಹಾಕಿ ಮತ್ತೆ ಬರೆದೆ.

ಈಗ ಒಂದು ಹಸಿರನ್ನು ಬಿಡಿಸಿ ನೋಡೋಣ. ಮೊದಲ ಐದು ಸೆಕೆಂಡಿನಲ್ಲಿ 15 ಬೈಕು ಹೋದವು, ಬೇರೇನೂ ಇಲ್ಲ, ಮುಂದೆ ನಿಂತಿದ್ದವೇ ಅವು. ಹದಿನೈದು ಗುಣಿಸು 0.4, ಆರು ಪಿಸಿಯು. ಎರಡನೆಯ ತುಂಡಿನಲ್ಲಿ 8 ಬೈಕು, 4 ಆಟೋ, 1 ಕಾರು, ಒಟ್ಟು 6.2. ಮೂರನೆಯದರಲ್ಲಿ 5 ಬೈಕು, 2 ಆಟೋ, 3 ಕಾರು, ಮತ್ತೆ 6. ನಾಲ್ಕನೆಯದರಲ್ಲಿ 4 ಬೈಕು, 2 ಕಾರು, 1 ಬಸ್ಸು, 5.2. ಇಲ್ಲಿಯವರೆಗೆ ನೋಡಿ, ಗಾಡಿಗಳ ಜಾತಿ ಪೂರಾ ಬದಲಾಯಿತು, ಪಿಸಿಯು ಮಾತ್ರ ಆರರ ಆಸುಪಾಸಿನಲ್ಲೇ ನಿಂತಿತು. ಪಟ್ಟಿ ಸರಿ ಇದೆ ಅನ್ನುವುದಕ್ಕೆ ಇದೇ ಸಾಕ್ಷಿ.

ಐದನೆಯ ತುಂಡಿಗೆ ಬಂದಾಗ 3. ಆರನೆಯದು 2.1, ಏಳನೆಯದು 2.1, ಎಂಟನೆಯದು 2. ಹೋಗುತ್ತಿದ್ದವು ಬಹುಪಾಲು ಬೈಕುಗಳೇ, ಕಾರುಗಳು ಗೆರೆಯ ಹಿಂದೆ ನಿಂತುಬಿಟ್ಟಿದ್ದವು. ಮೊದಲ ಇಪ್ಪತ್ತು ಸೆಕೆಂಡಿನಲ್ಲಿ 23.4 ಪಿಸಿಯು ಹೋದರೆ, ಉಳಿದ ಇಪ್ಪತ್ತರಲ್ಲಿ 9.2.

ಹರಿವು ಹೀಗೆ ಕುಸಿಯಲು ಕಾರಣಗಳು ಹಲವು ಇರಬಹುದು. ಸಾಲೇ ತೀರಿದ್ದರೆ ಕುಸಿಯುತ್ತದೆ, ಆಗ ಹಸಿರು ಹೆಚ್ಚಾಯಿತು ಎಂದರ್ಥ. ನಮ್ಮಲ್ಲಿ ಸಾಲು ತೀರಿರಲಿಲ್ಲ, 40 ಮೀಟರೂ ತುಂಬಿತ್ತು. ಬಲಕ್ಕೆ ತಿರುಗುವ ಗಾಡಿ ಎದುರಿನವರಿಗೆ ಕಾಯುತ್ತ ಹಿಂದಿನವರನ್ನು ತಡೆದರೂ ಕುಸಿಯುತ್ತದೆ, ಆದರೆ ಇಲ್ಲಿ ಎದುರಿನ ರಸ್ತೆಗೆ ಆ ಹೊತ್ತಿನಲ್ಲಿ ಕೆಂಪು. ಉಳಿದದ್ದು ಮೂರನೆಯದು. ಗೆರೆಯ ಮೇಲೆ ನಿಂತ ಮೊದಲ ಕಾರಿನ ಮೂತಿಯ ಮುಂದೆ ನೋಡಬೇಕು. ಅಲ್ಲಿ ಜಾಗ ಇದ್ದೂ ಕಾರು ಹೋಗದಿದ್ದರೆ ದೋಷ ಕಾರಿನದು. ಜಾಗವೇ ಇಲ್ಲದಿದ್ದರೆ ದೋಷ ಮುಂದೆಲ್ಲೋ ಇದೆ. ನಮ್ಮ ವಿಡಿಯೋದಲ್ಲಿ ಆ ಕಾರಿನ ಮುಂದೆ ಇನ್ನೊಂದು ಕಾರಿನ ಹಿಂಬದಿ, ಅದರ ಮುಂದೆ ಇನ್ನೊಂದು.

ಮುಂದಿನದನ್ನು ನೋಡಲು ಎರಡನೆಯ ಕ್ಯಾಮೆರಾ ಬೇಕಾಯಿತು. ಅದೃಷ್ಟಕ್ಕೆ ಒಂದು ಇತ್ತು, ವೃತ್ತ ದಾಟಿದ ಬದಿಯ ಕಂಬದ ಮೇಲೆ. ಆದರೆ ಎರಡು ಕ್ಯಾಮೆರಾಗಳ ಗಡಿಯಾರ ಒಂದಕ್ಕೊಂದು ಹೊಂದುವುದಿಲ್ಲ. ನಮ್ಮವುಗಳ ನಡುವೆ 11 ಸೆಕೆಂಡು ಅಂತರ. ಐದೈದು ಸೆಕೆಂಡಿನ ತುಂಡಿನಲ್ಲಿ ಕಾರಣ ಹುಡುಕುವವನಿಗೆ 11 ಸೆಕೆಂಡು ಅಂದರೆ ಪರಿಣಾಮವೇ ಮೊದಲು, ಕಾರಣ ಆಮೇಲೆ. ಮೊದಲ ದಿನ ನನಗೆ ಕಂಡದ್ದು, ಇಲ್ಲಿ ಹರಿವು ನಿಂತ ಮೇಲೆ ಅಲ್ಲಿ ರಸ್ತೆ ತುಂಬುತ್ತಿದೆ ಎಂದು! ಪರದೆಯ ಮೂಲೆಯ ಸಮಯವನ್ನು ನಂಬಬಾರದು. ಎರಡರಲ್ಲೂ ಕಾಣುವ ಒಂದೇ ಬಸ್ಸನ್ನು ಹಿಡಿದು, ಅದು ಒಂದೇ ಝೀಬ್ರಾ ಪಟ್ಟಿಯನ್ನು ದಾಟುವ ಕ್ಷಣಕ್ಕೆ ಎರಡನ್ನೂ ಹೊಂದಿಸಬೇಕು. ಗಂಟೆಯ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ, ಯಾಕೆಂದರೆ ನಡುವೆ ಫ್ರೇಮು ಬಿದ್ದುಹೋಗಿದ್ದರೆ ಅಂತರ ಬದಲಾಗಿರುತ್ತದೆ.

ಹೊಂದಿಸಿ ನೋಡಿದಾಗ ಕಥೆ ಬಿಚ್ಚಿಕೊಂಡಿತು. ವೃತ್ತದಿಂದ 35 ಮೀಟರ್ ಆಚೆ, ಎಡಬದಿಗೆ ಟಂಟಂ ಆಟೋಗಳು ಸಾಲಾಗಿ ನಿಂತಿವೆ. ಇದಕ್ಕಿಂತ ಮೊದಲಿನ ಸರದಿಯಲ್ಲಿ ಪಕ್ಕದ ರಸ್ತೆಯಿಂದ ಬಂದ ಸಿಟಿ ಬಸ್ಸಿಗೆ ಅಂಚಿಗೆ ಹೋಗಲು ಜಾಗವಿಲ್ಲ. ಅದು ಎರಡನೆಯ ಸಾಲಿನಲ್ಲೇ ನಿಂತು ಮಂದಿಯನ್ನು ಇಳಿಸಿ ಹತ್ತಿಸುತ್ತದೆ. ಅದರ ಬಲಗಡೆ ಉಳಿಯುವ ಸಂದಿಯಲ್ಲಿ ಐದು ಸೆಕೆಂಡಿಗೆ ಎರಡು ಪಿಸಿಯು ಮಾತ್ರ ನುಸುಳುತ್ತವೆ. ನಮ್ಮ ಹಸಿರು ಬಿತ್ತು, ಆರು ಒಳಗೆ ಬರುತ್ತಿವೆ, ಎರಡು ಹೊರಗೆ ಹೋಗುತ್ತಿವೆ, ನಾಲ್ಕು ಉಳಿಯುತ್ತಿವೆ. ಇಪ್ಪತ್ತು ಸೆಕೆಂಡಿನಲ್ಲಿ ಹದಿನಾರು ಉಳಿದವು. 35 ಮೀಟರ್ ಉದ್ದ, 7 ಮೀಟರ್ ಅಗಲದ ರಸ್ತೆಯಲ್ಲಿ ಎರಡು ಸಾಲು ಕಾರು, ಸಂದಿಗಳಲ್ಲಿ ಬೈಕು ತುಂಬಿದರೆ ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತದೆ. ಡಬ್ಬಿ ತುಂಬಿತು. ಅಲ್ಲಿಂದ ಮುಂದೆ ಹಸಿರು ಎಷ್ಟೇ ಉರಿಯಲಿ, ಹೋಗುವುದು ಆ ಸಂದಿ ಬಿಟ್ಟಷ್ಟೇ. ಕೊನೆಯ ಮೂರು ತುಂಡುಗಳ 2.1, 2.1, 2 ನೆನಪಿದೆಯಲ್ಲ? ಅದು ನಮ್ಮ ಸಿಗ್ನಲ್ಲಿನ ಹರಿವೇ ಅಲ್ಲ, ಬಸ್ಸಿನ ಬಲಗಡೆಯ ಸಂದಿಯ ಹರಿವು.

ಒಂದು ಹಸಿರು ನೋಡಿ ಹೇಳಿದರೆ ಯಾರೂ ನಂಬಬಾರದು. ಎಲ್ಲ ರಸ್ತೆಗೂ ಒಮ್ಮೆ ಹಸಿರಿನ ಸರದಿ ಬಂದು ಮುಗಿದರೆ ಒಂದು ಸುತ್ತು. ನಾವು ಎಣಿಸಿದ ಗಂಟೆಯಲ್ಲಿ 120 ಸೆಕೆಂಡಿನ 30 ಸುತ್ತುಗಳಿದ್ದವು. 19 ಸುತ್ತುಗಳಲ್ಲಿ ಮುಂದೆ ಬಸ್ಸೋ ಎರಡನೆಯ ಸಾಲಿನ ಟಂಟಮ್ಮೋ ನಿಂತಿತ್ತು, 11ರಲ್ಲಿ ಇರಲಿಲ್ಲ. ಅದೇ ರಸ್ತೆ, ಅದೇ ಹೊತ್ತು, ಅದೇ ಜನ. ತಡೆ ಇಲ್ಲದ 11ರಲ್ಲಿ ಹರಿವು ಕೊನೆಯ ತುಂಡಿನ ತನಕ ಆರರ ಹತ್ತಿರವೇ ಇತ್ತು, ಎರಡನೆಯ ಅರ್ಧದಲ್ಲೂ 23 ಪಿಸಿಯು ಹೋದವು. ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾವೇ ಏರ್ಪಡಿಸಿದ್ದರೂ ಸಿಗುತ್ತಿರಲಿಲ್ಲ.

ಈಗ ಕಚೇರಿಯ ಪ್ರಶ್ನೆಗೆ ಬರೋಣ. ಹತ್ತು ಸೆಕೆಂಡು ಹೆಚ್ಚು ಕೊಟ್ಟರೆ ತಡೆ ಇರುವ ಸುತ್ತಿನಲ್ಲಿ ಸಿಗುವುದು ನಾಲ್ಕು ಪಿಸಿಯು. ಆ ಹತ್ತು ಸೆಕೆಂಡನ್ನು ಇನ್ನೊಂದು ರಸ್ತೆಯಿಂದ ಕಿತ್ತುಕೊಳ್ಳಬೇಕು, ಅಲ್ಲಿ ತುಂಬು ಹರಿವಿದ್ದರೆ ಕಳೆಯುವುದು ಹನ್ನೆರಡು. ನಾಲ್ಕು ಗಳಿಸಲು ಹನ್ನೆರಡು ಕೊಡುವ ವ್ಯಾಪಾರ. ಅದರ ಬದಲು ಮುಂದಿನ ತಡೆ ತೆಗೆದರೆ ಅಂಥ ಪ್ರತಿ ಸುತ್ತಿಗೆ ಹದಿನಾಲ್ಕು, 19 ಸುತ್ತಿಗೆ 266, ಯಾರಿಂದಲೂ ಒಂದು ಸೆಕೆಂಡೂ ಕಿತ್ತುಕೊಳ್ಳದೆ.

ವರದಿ ಒಯ್ದಾಗ ಅಧಿಕಾರಿಗಳು ಓದಿ ಮುಗಿಸಿ ಕೇಳಿದ ಮೊದಲ ಮಾತು, "ಎಲ್ಲಾ ಖರೇರೀ, ಆದರ ಸೆಕೆಂಡ್ ಎಷ್ಟ್ ಅಂತ ಬರೀಲಿ?" ಅವರ ಕಡತದಲ್ಲಿ ಇರುವ ಖಾನೆ ಅದೊಂದೇ. "40 ಅಂತ ಬರೀರಿ ಸರ್ರ" ಎಂದೆ. "ಇದ್ದದ್ದ ಇದ್ರ ನಿಮಗ್ಯಾಕ ಬರದ ಕಳಿಸಬೇಕಿತ್ತು?" ನಕ್ಕರು, ಆದರೆ ಅರ್ಧ ಬೇಸರದಿಂದಲೇ.

ಅಲ್ಲಿ ಕೂತಿದ್ದ ಒಬ್ಬ ಹಿರಿಯ ಸಂಚಾರಿ ಪೊಲೀಸರು ಎರಡು ಮಾತು ಹೇಳಿದರು, ಎರಡೂ ನನ್ನ ವರದಿಯನ್ನು ತಿದ್ದಿದವು. ಮೊದಲನೆಯದು, ನಾನು ಆರಿಸಿದ್ದ ಎರಡು ದಿನಗಳಲ್ಲಿ ಒಂದರಂದು ಸಿಗ್ನಲ್ಲನ್ನು ಅವರು ಕೈಯಿಂದ ನಡೆಸಿದ್ದರಂತೆ. ತಿರುಗಿ ನೋಡಿದರೆ ಹೌದು, ಒಂದು ಸುತ್ತು 95 ಸೆಕೆಂಡು, ಮುಂದಿನದು 160. ಸುತ್ತುಗಳ ಉದ್ದವನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ನನಗೇ ಗೊತ್ತಾಗಬೇಕಿತ್ತು. ಆ ದಿನವನ್ನು ಲೆಕ್ಕದಿಂದ ತೆಗೆದು ಬೇರೆ ದಿನ ಹಾಕಿದೆ. ಎರಡನೆಯದು, "ಟಂಟಂ ಅಲ್ಲ್ಯಾಕ ನಿಂದರ್ತಾವ ಅನ್ನೋದು ನಿಮ್ಮ ಕ್ಯಾಮೆರಾದಾಗ ಕಾಣ್ಸೂದಿಲ್ಲರೀ. ಮಧ್ಯಾಹ್ನ ಬಂದ ನನ್ನ ಜೋಡಿ ಒಂದ ತಾಸ ನಿಂದರ್ರಿ."

ನಿಂತೆ. ಬಸ್ಸಿಗೆ ನೆರಳಿನ ನಿಲ್ದಾಣ ಇರುವುದು 90 ಮೀಟರ್ ಮುಂದೆ. ಅದರ ಎದುರು ಗಟಾರದ ಹಲಗೆ ಒಡೆದಿದೆ, ಮುದುಕರು ಕಾಲಿಡುವ ಹಾಗಿಲ್ಲ. 35 ಮೀಟರಿನಲ್ಲಿ ಒಂದು ಅಂಗಡಿ ಸಾಲಿದೆ, ಮುಂದೆ ತಗಡಿನ ಚಪ್ಪರ. ಮಂದಿ ಚಪ್ಪರದ ಕೆಳಗೆ ನಿಲ್ಲುತ್ತಾರೆ. ಮಂದಿ ಇದ್ದಲ್ಲಿ ಟಂಟಂ, ಕೈ ಮಾಡಿದಲ್ಲಿ ಬಸ್ಸು. ಕ್ಯಾಮೆರಾ ಇದ್ದದ್ದು ಆ ಚಪ್ಪರದ ಮೇಲಿನ ಕಂಬದಲ್ಲಿ, ಅದಕ್ಕೆ ತಗಡು ಮಾತ್ರ ಕಾಣುತ್ತಿತ್ತು, ಕೆಳಗಿನ ಮಂದಿ ಕಾಣುತ್ತಿರಲಿಲ್ಲ.

ಹೀಗಾಗಿ ಕೊನೆಯ ವರದಿಯಲ್ಲಿ ಸಿಗ್ನಲ್ ಬಗ್ಗೆ ಒಂದು ಸಾಲು, ಗಟಾರದ ಹಲಗೆಯ ಬಗ್ಗೆ ಅರ್ಧ ಪುಟ ಆಯಿತು. ಬಸ್ಸು ಎಷ್ಟು ದೂರ ನಿಲ್ಲಬೇಕು ಅನ್ನುವುದಕ್ಕೂ ಅದೇ ಡಬ್ಬಿಯ ಲೆಕ್ಕ. 20 ಸೆಕೆಂಡಿಗೆ 35 ಮೀಟರ್ ತುಂಬುತ್ತದೆ ಎಂದರೆ ಪೂರ್ತಿ 40 ಸೆಕೆಂಡಿನ ಗಾಡಿಗಳನ್ನು ಹಿಡಿಯಲು 70 ಮೀಟರ್ ಬೇಕು. ಹಳೆಯ ನಿಲ್ದಾಣ 90ರಲ್ಲಿದೆ, ಹೊಸದೇನೂ ಕಟ್ಟಬೇಕಿಲ್ಲ. ವಿಡಿಯೋದಲ್ಲಿ ಗಾಡಿಗಳ ನಂಬರು ಕಾಣುತ್ತಿತ್ತು, ಯಾವುದನ್ನೂ ವರದಿಗೆ ತೆಗೆದುಕೊಳ್ಳಲಿಲ್ಲ. ಟಂಟಂನವರಿಗೆ ದಂಡ ಹಾಕಲು ಅದನ್ನು ಕೊಡಿ ಎಂದು ಒಬ್ಬರು ಕೇಳಿದರು, ನಾನು ಎಣಿಸಲು ಬಂದವನು ಎಂದೆ.

ಹಲಗೆ ಹಾಕಿದರು. ಎರಡು ವಾರ ಚಪ್ಪರದ ಮುಂದೆ ಬ್ಯಾರಿಕೇಡ್ ಇಟ್ಟರು. ಅದೇ ವಾರದ ದಿನ, ಅದೇ ಗಂಟೆ, ಅದೇ ಗೆರೆ, ಮತ್ತೆ ಎಣಿಸಿದೆವು. ತಡೆ ಬಿದ್ದ ಸುತ್ತುಗಳು 19ರಿಂದ 6ಕ್ಕೆ ಇಳಿದಿದ್ದವು, ಆ ಆರರಲ್ಲೂ ಹರಿವು ಬಿದ್ದದ್ದು ಏಳನೆಯ ತುಂಡಿನಲ್ಲಿ. ಬ್ಯಾರಿಕೇಡ್ ತೆಗೆದ ಮೇಲಿನ ಎಣಿಕೆ ಇನ್ನೂ ಆಗಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಕೇಳಿದರು, "ಎಲ್ಲಾ ಬರೋಬ್ಬರಿ ಆತು ತಮ್ಮಾ, ಟಂಟಂದವ್ರು ಎಲ್ಲಿ ನಿಂದರಬೇಕು?" ವರದಿಯ ಕೊನೆಯ ಪುಟದಲ್ಲಿ ಒಂದು ನಕ್ಷೆ ಇದೆ, ನಿಲ್ದಾಣ ದಾಟಿ ಹದಿನೈದು ಮೀಟರ್ ಉದ್ದದ ಅಂಚು, ನಾಲ್ಕು ಟಂಟಂ ಹಿಡಿಯುತ್ತವೆ ಎಂದೆ. "ನೆರಳೈತೇನು ಅಲ್ಲಿ?" ಎಂದರು. ಒಂದು ಬೇವಿನ ಗಿಡ ಇದೆ, ಮಧ್ಯಾಹ್ನ ಮೂರರ ತನಕ ಅದರ ನೆರಳು ರಸ್ತೆಯ ಆಚೆ ಬದಿಗೆ ಬೀಳುತ್ತದೆ ಎಂದು ಹೇಳಬೇಕಾಯಿತು.